ತಿದ್ದಿದ ಫೋಟೋಗೆ ಯಾವ ಗುರುತು ಹಾಕಬೇಕು? ಚಿತ್ರದ ಮೇಲಿನ ಲೇಬಲ್, ಕ್ಯಾಪ್ಷನ್, ಮೆಟಾಡೇಟಾ, ಸಹಿ ಮಾಡಿದ ದಾಖಲೆ

ಒಂದು ಫೋಟೋ ತೆಗೆದುಕೊಳ್ಳೋಣ. ಉಡುಪಿನ ಜಾಹೀರಾತಿಗೆಂದು ತೆಗೆದ ಚಿತ್ರ. ಒಬ್ಬ ಮಹಿಳೆ ನಿಂತಿದ್ದಾರೆ, ತೊಡೆಯಿಂದ ಮೇಲೆ ಕಾಣುತ್ತಾರೆ. ಎಡಿಟ್ ಮಾಡಿದವರು ಅದರಲ್ಲಿ ಆರು ಕೆಲಸ ಮಾಡಿದ್ದಾರೆ. ಬೆಳಕು ಮತ್ತು ಬಣ್ಣ ಸರಿ ಮಾಡಿದ್ದಾರೆ. ಅಂಚು ಕ್ರಾಪ್ ಮಾಡಿದ್ದಾರೆ. ಗಲ್ಲದ ಮೇಲಿದ್ದ ಒಂದು ಮೊಡವೆ ತೆಗೆದಿದ್ದಾರೆ. ಮುಖದ ಚರ್ಮವನ್ನು ಎಷ್ಟು ನಯ ಮಾಡಿದ್ದಾರೆಂದರೆ ಸಣ್ಣ ಗೆರೆಗಳಾಗಲಿ, ರಂಧ್ರಗಳಾಗಲಿ ಒಂದೂ ಕಾಣುವುದಿಲ್ಲ. ಲಿಕ್ವಿಫೈ ಎಂಬ ಟೂಲ್ ಹಿಡಿದು ಸೊಂಟವನ್ನು ಎರಡೂ ಕಡೆಯಿಂದ ಒಳಗೆ ತಳ್ಳಿದ್ದಾರೆ. ಅದೇ ಲಿಕ್ವಿಫೈನಿಂದ ಮುದುಡಿದ್ದ ಕಾಲರ್ ನೇರ ಮಾಡಿದ್ದಾರೆ.

ಈ ಫೋಟೋ ನೋಡುವವರಿಗೆ ಏನು ಹೇಳಬೇಕು, ಎಲ್ಲಿ ಹೇಳಬೇಕು? ನಾಲ್ಕು ದಾರಿ ಇವೆ. ಚಿತ್ರದ ಮೇಲೇ ಲೇಬಲ್ ಹಾಕಬಹುದು. ಕ್ಯಾಪ್ಷನ್‌ನಲ್ಲಿ ಬರೆಯಬಹುದು. ಫೈಲಿನ ಒಳಗೆ ಮೆಟಾಡೇಟಾ ಆಗಿ, ಅಂದರೆ ಚಿತ್ರದ ಜೊತೆ ಕಾಣದ ಹಾಗೆ ಇರುವ ಬರಹವಾಗಿ ಇಡಬಹುದು. ಡಿಜಿಟಲ್ ಸಹಿ ಇರುವ ದಾಖಲೆಯಾಗಿ ಅಂಟಿಸಬಹುದು. ಒಂದೊಂದೂ ಒಂದೊಂದು ಕಡೆ ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಿದ್ದರೆ ಆಯ್ಕೆ ಸುಲಭ.

ಮೊದಲು, ಯಾವುದನ್ನು ಹೇಳಬೇಕು

ಆರೂ ಕೆಲಸಗಳನ್ನು ಪಟ್ಟಿ ಮಾಡಿದರೆ ಯಾರೂ ಓದುವುದಿಲ್ಲ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವ್ಯಕ್ತಿ ಮುಂದಿನ ವಾರ ನನ್ನ ಎದುರು ಬಂದು ನಿಂತರೆ ಫೋಟೋದಲ್ಲಿ ಇರುವ ಹಾಗೇ ಇರುತ್ತಾರಾ? ಬೆಳಕು ಮತ್ತು ಕ್ರಾಪ್‌ಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮೊಡವೆ ಹೇಗೂ ಅಷ್ಟರಲ್ಲಿ ಹೋಗಿರುತ್ತದೆ. ಕಾಲರ್ ಬಟ್ಟೆಯದ್ದು. ಉಳಿದದ್ದು ಎರಡು, ಚರ್ಮ ಮತ್ತು ಸೊಂಟ. ಹೇಳಬೇಕಾದದ್ದು ಇವೆರಡೇ.

ಈ ಗೆರೆಯನ್ನು ಎಲ್ಲರೂ ಒಂದೇ ಕಡೆ ಎಳೆದಿಲ್ಲ. ಗೆಟ್ಟಿ ಇಮೇಜಸ್ ಎಂಬ ಫೋಟೋ ಸಂಸ್ಥೆ 2017ರ ಅಕ್ಟೋಬರ್‌ನಿಂದ, ರೂಪದರ್ಶಿಯ ಮೈ ತೆಳ್ಳಗೆ ಅಥವಾ ದಪ್ಪಗೆ ಕಾಣುವಂತೆ ತಿದ್ದಿದ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ ಎಂದಿತು. ಆದರೆ ಚರ್ಮ, ಮೂಗಿನ ಆಕಾರ, ಕೂದಲಿನ ಬಣ್ಣ ತಿದ್ದಿದ್ದನ್ನು ಆ ನಿಯಮದಿಂದ ಹೊರಗಿಟ್ಟಿತು. 2022ರ ಜುಲೈ 1ರಂದು ಜಾರಿಗೆ ಬಂದ ನಾರ್ವೆಯ ನಿಯಮ ಜಾಹೀರಾತುಗಳಲ್ಲಿ ಮೈಯ ಆಕಾರ, ಗಾತ್ರ, ಚರ್ಮ ಮೂರನ್ನೂ ಸೇರಿಸಿಕೊಂಡಿದೆ. ನನಗೆ ನಾರ್ವೆಯ ಗೆರೆಯೇ ಸರಿ ಅನಿಸುತ್ತದೆ. ಚರ್ಮ ನಯ ಮಾಡುವುದು ಎಡಿಟ್ ಮಾಡುವವರಿಗೆ ಚಿಕ್ಕ ಕೆಲಸ. ಆದರೆ ನೋಡುವವರು ತಮ್ಮ ಮುಖವನ್ನು ಪಕ್ಕದಲ್ಲಿಟ್ಟು ಅಳೆಯುವುದು ಅದನ್ನೇ ಅಲ್ವಾ?

ಚಿತ್ರದ ಮೇಲಿನ ಲೇಬಲ್

ಇದರ ಬಲ ಒಂದೇ, ಆದರೆ ದೊಡ್ಡದು. ಅದು ಪಿಕ್ಸೆಲ್‌ಗಳಲ್ಲೇ ಸೇರಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದರೂ, ಮೆಸೇಜ್‌ನಲ್ಲಿ ಕಳಿಸಿದರೂ, ಪ್ರಿಂಟ್ ಹಾಕಿದರೂ ಜೊತೆಗೇ ಹೋಗುತ್ತದೆ. ಉಳಿದ ಮೂರು ದಾರಿಗಳಿಗೆ ಈ ಬಲ ಇಲ್ಲ.

ಗಾತ್ರದ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ನಾರ್ವೆಯ ಗುರುತು ಒಂದು ವೃತ್ತ. ಚಿತ್ರದ ಸುಮಾರು 7 ಶೇಕಡಾ ಜಾಗ ತುಂಬಬೇಕು, ಮೇಲೆ ಎಡ ಮೂಲೆಯಲ್ಲಿ ಇರಬೇಕು. 7 ಅಂದರೆ ಸಣ್ಣದು ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 1080 ಅಗಲ, 1350 ಎತ್ತರದ ಚಿತ್ರದಲ್ಲಿ ಒಟ್ಟು 14,58,000 ಪಿಕ್ಸೆಲ್ ಇರುತ್ತವೆ. ಅದರ 7 ಶೇಕಡಾ ಅಂದರೆ ಸುಮಾರು 1,02,000. ಅಷ್ಟು ಜಾಗದ ವೃತ್ತಕ್ಕೆ ಅಡ್ಡಳತೆ ಸುಮಾರು 360 ಪಿಕ್ಸೆಲ್ ಆಗುತ್ತದೆ. ಅಂದರೆ ಚಿತ್ರದ ಅಗಲದಲ್ಲಿ ಮೂರನೇ ಒಂದು ಭಾಗ! ಅದನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲ. ಉದ್ದೇಶವೂ ಅದೇ.

ಇಷ್ಟು ದೊಡ್ಡದಿದ್ದರೂ ಅದು ಎರಡು ಕಡೆ ಸೋಲುತ್ತದೆ. ಒಂದು, ಥಂಬ್‌ನೇಲ್. 120 ಪಿಕ್ಸೆಲ್ ಅಗಲಕ್ಕೆ ಚಿತ್ರ ಕುಗ್ಗಿದಾಗ ಆ ವೃತ್ತ 40 ಪಿಕ್ಸೆಲ್ ಆಗುತ್ತದೆ. ಏನೋ ಗುರುತು ಇದೆ ಎಂದು ಗೊತ್ತಾಗುತ್ತದೆ, ಒಳಗಿನ ಅಕ್ಷರ ಓದಲು ಬರುವುದಿಲ್ಲ. ಎರಡನೆಯದು ಕ್ರಾಪ್. ಅದೇ 1080ಕ್ಕೆ 1350ರ ಚಿತ್ರವನ್ನು ಚೌಕ ಮಾಡಿ ತೋರಿಸುವ ಜಾಗ ಬಹಳ. ಆಗ ಮೇಲೆ 135, ಕೆಳಗೆ 135 ಪಿಕ್ಸೆಲ್ ಹೋಗುತ್ತದೆ. ಮೂಲೆಗೆ ಒತ್ತಿ ಇಟ್ಟ ವೃತ್ತದ ತಲೆಯೇ ಕತ್ತರಿಸಿ ಹೋಯಿತು. ನಿಯಮ ನಿಮ್ಮನ್ನು ಮೂಲೆಗೆ ಕಟ್ಟಿಹಾಕದಿದ್ದರೆ ಲೇಬಲ್ ಅನ್ನು ಮೇಲಿನ ಅಂಚಿನಿಂದ 150 ಪಿಕ್ಸೆಲ್ ಕೆಳಗೆ ಇಡಿ. ವೃತ್ತವೇ ಬೇಕೆಂದೂ ಇಲ್ಲ. ನಮ್ಮ ಕೈಯಲ್ಲಿದ್ದರೆ ಅಗಲವಾದ ಪಟ್ಟಿ ಒಳ್ಳೆಯದು, ಎರಡು ಚಿಕ್ಕ ವಾಕ್ಯ ಹಿಡಿಯುತ್ತದೆ.

ಯಾಕೆ ವಾಕ್ಯ? ಸುಮ್ನೆ "ಈ ಫೋಟೋ ತಿದ್ದಲಾಗಿದೆ" ಎಂದು ಹಾಕಿದರೆ ನೋಡುವವರಿಗೆ ಸಿಗುವುದು ಬಹಳ ಕಡಿಮೆ. ಬಣ್ಣ ಸರಿ ಮಾಡಿದ ಫೋಟೋಗೂ ಅದೇ ಮಾತು, ಸೊಂಟ ಕುಗ್ಗಿಸಿದ ಫೋಟೋಗೂ ಅದೇ ಮಾತು. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ಮೈ ತೆಳ್ಳಗೆ ಅಥವಾ ದಪ್ಪಗೆ ಮಾಡಿದ ಜಾಹೀರಾತು ಚಿತ್ರಗಳಿಗೆ "ತಿದ್ದಿದ ಫೋಟೋ" ಎಂಬ ಅರ್ಥದ ಎರಡು ಪದ ಕಡ್ಡಾಯವಾಯಿತು. ಯಾವ ಭಾಗ ತಿದ್ದಿದ್ದು ಎಂದು ಆ ಎರಡು ಪದ ಹೇಳುವುದಿಲ್ಲ. ನಮ್ಮ ಉದಾಹರಣೆಗೆ ನಾನು ಹೀಗೆ ಬರೆಯುತ್ತೇನೆ: "ಮುಖದ ಚರ್ಮ ನಯ ಮಾಡಲಾಗಿದೆ. ಸೊಂಟ ಸಣ್ಣ ಮಾಡಲಾಗಿದೆ." ಅಂಗ ಯಾವುದು, ಯಾವ ಕಡೆಗೆ ಬದಲಾಯಿತು, ಎರಡೂ ಅದರಲ್ಲಿವೆ. ಟೂಲ್‌ನ ಹೆಸರು ಬೇಡ.

ಕ್ಯಾಪ್ಷನ್

ಕ್ಯಾಪ್ಷನ್‌ನಲ್ಲಿ ಜಾಗ ಜಾಸ್ತಿ. ಎಷ್ಟು ಬದಲಾಯಿತು ಎಂದೂ ಹೇಳಬಹುದು. ಕ್ರಾಪ್ ಮಾಡುವ ಮೊದಲು ಸೊಂಟದ ಅಗಲ 410 ಪಿಕ್ಸೆಲ್ ಇತ್ತು, ತಿದ್ದಿದ ಮೇಲೆ 370 ಆಯಿತು ಎಂದುಕೊಳ್ಳಿ. "ಸೊಂಟದ ಅಗಲ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಲಾಗಿದೆ" ಎಂದು ಬರೆದರೆ ಓದುವವರಿಗೆ ಅಂದಾಜು ಸಿಗುತ್ತದೆ. ಎರಡೂ ಅಳತೆಯನ್ನು ಒಂದೇ ಗಾತ್ರದ ಚಿತ್ರದಲ್ಲಿ ತೆಗೆದಿರಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಕ್ಯಾಪ್ಷನ್ ಓದುತ್ತದೆ. ಚಿತ್ರದ ಮೇಲಿನ ಅಕ್ಷರಗಳ ವಿಷಯದಲ್ಲಿ ಆ ಭರವಸೆ ಇಲ್ಲ.

ಆದರೆ ಚಿತ್ರ ಅಲ್ಲಿಂದ ಹೊರಟ ಕ್ಷಣ ಕ್ಯಾಪ್ಷನ್ ಹಿಂದೆ ಉಳಿಯುತ್ತದೆ. ಇನ್ನೊಂದು ತೊಂದರೆ, ಉದ್ದ ಕ್ಯಾಪ್ಷನ್‌ನ ಮೊದಲ ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿಕೊಳ್ಳುತ್ತದೆ. ತಿದ್ದಿದ ವಿಷಯವನ್ನು ಕೊನೆಗೆ ಬರೆದರೆ ಅದನ್ನು ಅಡಗಿಸಿಟ್ಟ ಹಾಗೇ. ಮೊದಲ ಸಾಲಿನಲ್ಲೇ ಬರಲಿ.

ಮೆಟಾಡೇಟಾ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. "ಫೋಟೋಶಾಪ್‌ನಲ್ಲಿ ಎಡಿಟ್ ಮಾಡಿದರೆ ಫೈಲಿನಲ್ಲಿ ತಾನೇ ದಾಖಲಾಗುತ್ತೆ, ಬೇಕಾದವರು ನೋಡಿಕೊಳ್ಳಲಿ" ಎನ್ನುತ್ತಾರೆ. ನಿಜವಾಗಿ ದಾಖಲಾಗುವುದೇನು? ಮೆಟಾಡೇಟಾದ ಎಕ್ಸ್‌ಎಂಪಿ ಎಂಬ ಭಾಗದಲ್ಲಿರುವ `xmpMM:History` ತೆಗೆದು ನೋಡಿದರೆ, ಯಾವ ಹೊತ್ತಿಗೆ ಯಾವ ಸಾಫ್ಟ್‌ವೇರ್‌ನಲ್ಲಿ ಸೇವ್ ಆಯಿತು ಎಂದಿರುತ್ತದೆ. ಏನು ಮಾಡಿದರು ಎಂದಿರುವುದಿಲ್ಲ. ಹಿಸ್ಟರಿ ಲಾಗ್ ಎಂಬ ಆಯ್ಕೆಯನ್ನು ನಾವೇ ಆನ್ ಮಾಡಿ, ವಿವರವಾಗಿ ಬರೆಯಲು ಹೇಳಿದರೆ ಹೆಜ್ಜೆಗಳು ದಾಖಲಾಗುತ್ತವೆ. ಆಗಲೂ ಲಿಕ್ವಿಫೈ ಎಂಬ ಹೆಸರು ಬರುತ್ತದೆ ಅಷ್ಟೇ. ನಮ್ಮ ಫೋಟೋದಲ್ಲಿ ಲಿಕ್ವಿಫೈ ಎರಡು ಸಲ ಬಂದಿದೆ. ಒಂದು ಕಾಲರ್‌ಗೆ, ಒಂದು ಸೊಂಟಕ್ಕೆ. ದಾಖಲೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಟೂಲ್‌ಗೆ ಬಟ್ಟೆ ಯಾವುದು, ಮೈ ಯಾವುದು ಎಂದು ಗೊತ್ತಿಲ್ಲ. ಅದು ಗೊತ್ತಿರುವುದು ಎಡಿಟ್ ಮಾಡಿದವರಿಗೆ ಮಾತ್ರ.

ಹಾಗಾಗಿ ಮೆಟಾಡೇಟಾದಲ್ಲೂ ಅದೇ ವಾಕ್ಯವನ್ನು ನಾವೇ ಬರೆಯಬೇಕು. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಇದಕ್ಕೆ ಸಾಕು. ಕನ್ನಡ ಅಕ್ಷರಗಳನ್ನು ಕಮಾಂಡ್‌ನಲ್ಲೇ ಟೈಪ್ ಮಾಡಿದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಕೆಟ್ಟುಹೋಗುತ್ತವೆ. ವಾಕ್ಯವನ್ನು ಯುಟಿಎಫ್-8 ಆಗಿ ಸೇವ್ ಮಾಡಿದ `note.txt` ಫೈಲಿನಲ್ಲಿ ಬರೆದು, ಅಲ್ಲಿಂದ ತೆಗೆದುಕೊಳ್ಳಲು ಹೇಳಿ:

```
exiftool "-XMP-dc:Description<=note.txt" photo.jpg
exiftool -XMP-iptcExt:DigitalSourceType="http://cv.iptc.org/newscodes/digitalsourcetype/humanEdits" photo.jpg
```

ಮೊದಲ ಸಾಲಿನ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ `<` ಚಿಹ್ನೆಯನ್ನು ಕಂಪ್ಯೂಟರ್ ಬೇರೆ ಅರ್ಥದಲ್ಲಿ ತೆಗೆದುಕೊಳ್ಳುತ್ತದೆ. ಹಳೆಯ ಫೈಲ್ `photo.jpg_original` ಎಂಬ ಹೆಸರಲ್ಲಿ ಪಕ್ಕದಲ್ಲೇ ಉಳಿಯುತ್ತದೆ.

ಎರಡನೆಯ ಸಾಲು ಐಪಿಟಿಸಿ ಎಂಬ ಸುದ್ದಿ ಸಂಸ್ಥೆಗಳ ಒಕ್ಕೂಟದ ಪದಪಟ್ಟಿಯಿಂದ ಬಂದದ್ದು. `humanEdits` ಅಂದರೆ ಮನುಷ್ಯರು ಮಾಮೂಲಿ ಎಡಿಟ್ ಟೂಲ್‌ಗಳಿಂದ ತಿದ್ದಿದ್ದು. ಚಿತ್ರದ ಒಂದು ಭಾಗವನ್ನು ಎಐ ಹೊಸದಾಗಿ ಹುಟ್ಟಿಸಿದ್ದರೆ ಪದ ಬೇರೆ, `compositeWithTrainedAlgorithmicMedia`. ಈ ಪದ ಆರಿಸುವಾಗ ಜೋಪಾನ. 2024ರಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಇಂಥ ಗುರುತುಗಳನ್ನು ಓದಿ, ಎಐ ಬಳಸಿ ಮಾಡಿದ್ದು ಎಂಬ ಲೇಬಲ್ ಹಾಕತೊಡಗಿದವು. ಸಣ್ಣ ಕಲೆ ತೆಗೆದಿದ್ದ ನಿಜವಾದ ಫೋಟೋಗಳಿಗೂ ಅದು ಬಂದು ಫೋಟೋಗ್ರಾಫರ್‌ಗಳು ದೂರಿದರು. ಜುಲೈನಲ್ಲಿ ಲೇಬಲ್‌ನ ಮಾತನ್ನೇ ಬದಲಾಯಿಸಬೇಕಾಯಿತು. ಯಂತ್ರ ಓದುವ ಪದ ಏನನ್ನು ಹೇಳುತ್ತದೋ ಅಷ್ಟನ್ನೇ ಹೇಳುತ್ತದೆ, ಎಷ್ಟು ಎಂಬುದು ಅದರಲ್ಲಿ ಇಲ್ಲ.

ಮೆಟಾಡೇಟಾದ ದೊಡ್ಡ ದೌರ್ಬಲ್ಯ ಎಲ್ಲರಿಗೂ ಗೊತ್ತಿರುವುದೇ. ಮೆಸೇಜ್ ಆ್ಯಪ್‌ಗಳು ಫೋಟೋವನ್ನು ಕುಗ್ಗಿಸುವಾಗ ಅದನ್ನು ಕಿತ್ತು ಹಾಕುತ್ತವೆ. ಸ್ಕ್ರೀನ್‌ಶಾಟ್ ಅಂದರೆ ಹೊಸ ಫೈಲೇ, ಅದಕ್ಕೆ ಹಳೆಯದರ ನೆನಪಿಲ್ಲ. ನೀವು ಹಾಕುವ ಜಾಗದಲ್ಲಿ ಉಳಿಯುತ್ತದೋ ಇಲ್ಲವೋ ಎಂದು ಊಹೆ ಮಾಡಬೇಡಿ. ಒಂದು ಸಲ ಅಲ್ಲಿ ಹಾಕಿ, ಅಲ್ಲಿಂದಲೇ ಡೌನ್‌ಲೋಡ್ ಮಾಡಿ, ಹೀಗೆ ನೋಡಿ:

```
exiftool -G1 -a -s -XMP:all photo.jpg
```

ನಿಮ್ಮ ವಾಕ್ಯ ಬಂದರೆ ಉಳಿದಿದೆ. ಏನೂ ಬರದಿದ್ದರೆ ಆ ಜಾಗದ ಮಟ್ಟಿಗೆ ಮೆಟಾಡೇಟಾ ಇಲ್ಲ ಎಂದೇ ತಿಳಿಯಿರಿ.

ಹಾಗಾದರೆ ಯಾಕೆ ಬರೆಯಬೇಕು? ಯಾಕಂದರೆ ಫೈಲು ಕೈಯಿಂದ ಕೈಗೆ ಹೋಗುವ ದಾರಿಯಲ್ಲಿ ಇನ್ನೂ ಜನ ಇರುತ್ತಾರೆ. ಎಡಿಟ್ ಮಾಡಿದವರು, ಜಾಹೀರಾತು ಜೋಡಿಸುವವರು, ಅದನ್ನು ಪ್ರಕಟಿಸುವವರು. ಮೂಲ ಫೈಲನ್ನೇ ಕಳಿಸಿದರೆ ಆ ವಾಕ್ಯ ಅವರವರೆಗೆ ತಲುಪುತ್ತದೆ. ಲೇಬಲ್ ಹಾಕಬೇಕಾದವರಿಗೆ ಏನು ತಿದ್ದಿದ್ದಾರೆ ಎಂದೇ ಗೊತ್ತಿಲ್ಲದೆ ಹೋಗುವುದು ಬಹಳ ಸಲ ಇಲ್ಲೇ. ನನಗೆ ಮೆಟಾಡೇಟಾ ಬೇಕಾಗುವುದು ಮುಖ್ಯವಾಗಿ ಈ ಒಂದು ಕಾರಣಕ್ಕೆ.

ಸಹಿ ಮಾಡಿದ ದಾಖಲೆ

ಮೆಟಾಡೇಟಾವನ್ನು ಯಾರು ಬೇಕಾದರೂ ತಿದ್ದಬಹುದು, ಸುಳ್ಳು ಬರೆಯಬಹುದು. ಇದಕ್ಕೆ ಉತ್ತರವಾಗಿ 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವರು ಸೇರಿ ಸಿ2ಪಿಎ ಎಂಬ ಒಕ್ಕೂಟ ಕಟ್ಟಿದರು. ಅದರ ದಾಖಲೆ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಕೆಲಸ ಮಾಡುವ ರೀತಿ ಹೀಗೆ. ಫೋಟೋದ ಬೈಟ್‌ಗಳಿಂದ ಒಂದು ಲೆಕ್ಕದ ಮುದ್ರೆ ತೆಗೆಯುತ್ತಾರೆ. ಯಾವ ಯಾವ ಕೆಲಸ ಆಯಿತು ಎಂಬ ಪಟ್ಟಿಯ ಜೊತೆ ಅದನ್ನು ಸೇರಿಸಿ ಡಿಜಿಟಲ್ ಸಹಿ ಹಾಕುತ್ತಾರೆ. ಆಮೇಲೆ ಯಾರಾದರೂ ಒಂದು ಬೈಟ್ ಬದಲಿಸಿದರೂ ಮುದ್ರೆ ಹೊಂದುವುದಿಲ್ಲ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನೋಡಲು ಸಿ2ಪಿಎ ಟೂಲ್‌ನ ಒಂದು ಕಮಾಂಡ್ ಸಾಕು:

```
c2patool photo.jpg
```

ಇದರಿಂದ ಒಂದು ಪ್ರಾಯೋಗಿಕ ನಿಯಮ ಹುಟ್ಟುತ್ತದೆ. ಮೇಲಿನ ಎಕ್ಸಿಫ್‌ಟೂಲ್ ಕೆಲಸವನ್ನು ಸಹಿಗಿಂತ ಮೊದಲೇ ಮುಗಿಸಬೇಕು. ಸಹಿ ಆದಮೇಲೆ ಒಂದು ವಿವರಣೆ ಸೇರಿಸಿದರೂ ಬೈಟ್‌ಗಳು ಬದಲಾದವು, ಸಹಿ ಮುರಿಯಿತು. ಪ್ರಾಮಾಣಿಕವಾಗಿ ವಾಕ್ಯ ಸೇರಿಸಿದ ಫೈಲು ಪರೀಕ್ಷೆಯಲ್ಲಿ ತಿದ್ದಿ ಹಾಳು ಮಾಡಿದ ಫೈಲಿನ ಹಾಗೆ ಕಾಣುತ್ತದೆ. ಇನ್ನೊಂದು, ಸಿ2ಪಿಎ ಟೂಲ್‌ನ ಜೊತೆ ಬರುವ ಪ್ರಮಾಣಪತ್ರ ಪರೀಕ್ಷೆಗೆಂದು ಕೊಟ್ಟದ್ದು. ಅದರಿಂದ ಹಾಕಿದ ಸಹಿಯನ್ನು ಹೊರಗಿನವರ ಪರೀಕ್ಷೆ ನಂಬುವುದಿಲ್ಲ.

ಸಹಿ ಏನನ್ನು ಸಾಬೀತು ಮಾಡುತ್ತದೆ ಎಂಬುದು ಇನ್ನೂ ಮುಖ್ಯ. ಈ ಪಟ್ಟಿಗೆ ಸಹಿ ಹಾಕಿದ್ದು ಇವರು, ಆಮೇಲೆ ಯಾರೂ ಮುಟ್ಟಿಲ್ಲ, ಅಷ್ಟೇ. ಪಟ್ಟಿಯಲ್ಲಿ ಬರುವ ಮಾತುಗಳು ಬಣ್ಣ ಬದಲಾಯಿತು, ಕ್ರಾಪ್ ಆಯಿತು, ಎಡಿಟ್ ಆಯಿತು ಎಂಬಂಥವು. ಲಿಕ್ವಿಫೈ ಕಥೆ ಇಲ್ಲೂ ಅದೇ. ಸೊಂಟ ಎಂಬ ಮಾತು ತಾನಾಗಿ ಬರುವುದಿಲ್ಲ. ಈ ಫೋಟೋ ನಿಜವಾದ ಕ್ಯಾಮೆರಾದಿಂದ ಬಂತಾ, ಯಾರ ಕೈಯಿಂದ ಬಂತು ಎಂದು ಕೇಳುವ ಪತ್ರಿಕೆಗೆ ಇದು ಒಳ್ಳೆಯ ಸಾಧನ. ಇದು ಯಾರ ಮೈ, ಎಷ್ಟು ಬದಲಾಯಿತು ಎಂದು ಕೇಳುವ ಹದಿಹರೆಯದ ಹುಡುಗಿಗೆ ಇದರಿಂದ ಹೆಚ್ಚು ಸಿಗುವುದಿಲ್ಲ. ಅದೂ ಅಲ್ಲದೆ, ಸಾಮಾನ್ಯ ಅಪ್‌ಲೋಡ್‌ನಲ್ಲಿ ಇದೂ ಮೆಟಾಡೇಟಾದ ಹಾಗೇ ಉದುರಿ ಹೋಗಬಹುದು.

ಅಂಕ ಕೊಡುವ ದಾರಿ

ಇನ್ನೊಂದು ಯೋಚನೆಯೂ ಇತ್ತು, ಚಿಕ್ಕದಾಗಿ ಹೇಳಿಬಿಡುತ್ತೇನೆ. 2011ರಲ್ಲಿ ಎರಿಕ್ ಕೀ ಮತ್ತು ಹನಿ ಫರೀದ್ ಎಂಬ ವಿಜ್ಞಾನಿಗಳು, ತಿದ್ದಿದ ಮಟ್ಟವನ್ನು 1ರಿಂದ 5ರವರೆಗಿನ ಅಂಕದಲ್ಲಿ ಹೇಳುವ ವಿಧಾನ ಪ್ರಕಟಿಸಿದರು. 468 ಜೋಡಿ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಜನರಿಗೆ ತೋರಿಸಿ, ಅವರು ಕೊಟ್ಟ ಅಂಕಕ್ಕೆ ಹತ್ತಿರ ಬರುವ ಲೆಕ್ಕ ಅದು. ಹೌದು ಅಥವಾ ಇಲ್ಲ ಎಂಬ ಲೇಬಲ್‌ಗಿಂತ ಇದು ಎಷ್ಟೋ ವಾಸಿ. ಆದರೆ ಮೂಲ ಚಿತ್ರ ಕೈಯಲ್ಲಿ ಇರಲೇಬೇಕು. ಮತ್ತು 4 ಎಂಬ ಅಂಕ ಮುಖಕ್ಕೋ ಸೊಂಟಕ್ಕೋ ಎಂದು ಗೊತ್ತಾಗುವುದಿಲ್ಲ.

ಆರಿಸುವ ಮೊದಲು, ಯಾರಿಗಾಗಿ?

ಒಂದು ಕಹಿ ವಿಷಯ ಹೇಳಲೇಬೇಕು. ಲೇಬಲ್ ಓದಿದರೆ ನೋಡುವವರು ಆ ಮೈಗೆ ತಮ್ಮನ್ನು ಹೋಲಿಸಿಕೊಳ್ಳುವುದು ನಿಲ್ಲುತ್ತದೆ ಎಂದು ಎಲ್ಲರೂ ಆಶಿಸಿದ್ದರು. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದರು. ಲೇಬಲ್ ಇದ್ದರೂ ತಮ್ಮ ಮೈ ಬಗ್ಗೆ ಮಹಿಳೆಯರ ಬೇಸರ ಹೇಳುವಷ್ಟು ಕಡಿಮೆಯಾಗಲಿಲ್ಲ. ಕಣ್ಣು ಎಲ್ಲಿ ಹೋಗುತ್ತದೆ ಎಂದು ಅಳೆದಾಗ ಇನ್ನೊಂದು ಗೊತ್ತಾಯಿತು. ಯಾವ ಭಾಗ ತಿದ್ದಿದೆ ಎಂದು ಲೇಬಲ್ ಹೇಳಿದರೆ ಕಣ್ಣು ಆ ಭಾಗದ ಕಡೆಗೇ ಹೋಗುತ್ತಿತ್ತು.

ಇದು ನಾನು ಮೇಲೆ ಹೇಳಿದ ಅಂಗ, ದಿಕ್ಕು ಇರುವ ವಾಕ್ಯಕ್ಕೆ ನೇರವಾಗಿ ಅಡ್ಡ ಬರುತ್ತದೆ. ಆದರೂ ನಾನು ಆ ವಾಕ್ಯವನ್ನೇ ಆರಿಸುತ್ತೇನೆ. ಯಾಕೆಂದರೆ ಲೇಬಲ್‌ನ ಕೆಲಸ ಮಾಹಿತಿ ಕೊಡುವುದು. ಈ ಉಡುಪು ಹಾಕಿದರೆ ಸೊಂಟ ಹೀಗೆ ಕಾಣುತ್ತದಾ ಎಂದು ಕೊಳ್ಳುವವರು ಕೇಳುತ್ತಾರೆ, ಅದಕ್ಕೆ ಉತ್ತರ ಬೇಕು. ಮನಸ್ಸಿಗೆ ಆಗುವ ನೋವು ತಡೆಯುವುದೇ ನಿಮ್ಮ ಉದ್ದೇಶ ಆಗಿದ್ದರೆ ಈ ನಾಲ್ಕರಲ್ಲಿ ಯಾವುದೂ ಔಷಧವಲ್ಲ. ಆಗ ಸೊಂಟ ಮುಟ್ಟದೆ ಬಿಡುವುದೊಂದೇ ದಾರಿ. ಹಾಗೇ, ಮಾರುವ ವಸ್ತುವೇ ಚರ್ಮದ ಕ್ರೀಮ್ ಆಗಿದ್ದರೆ, ನಯ ಮಾಡಿದ ಚರ್ಮಕ್ಕೆ ಲೇಬಲ್ ಹಾಕಿದರೂ ಸುಳ್ಳು ಸುಳ್ಳೇ. ಆ ಫೋಟೋ ಬಳಸಲೇ ಬಾರದು.

ನಮ್ಮ ಫೋಟೋಗೆ ನನ್ನ ಆಯ್ಕೆ

ಚಿತ್ರದ ಮೇಲೆ ಎರಡು ವಾಕ್ಯದ ಪಟ್ಟಿ, ಚೌಕ ಕ್ರಾಪ್‌ಗೆ ಸಿಗದ ಎತ್ತರದಲ್ಲಿ. ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ಅದೇ ಮಾತು, ಹತ್ತರಲ್ಲಿ ಒಂದು ಪಾಲು ಎಂಬ ಅಳತೆಯ ಜೊತೆ. ಫೈಲಿನೊಳಗೆ ಅದೇ ವಾಕ್ಯ. ಜಾಹೀರಾತು ಹಾಕುವವರು ಕೇಳಿದರೆ ಮಾತ್ರ ಸಹಿ. ಸಮಯ ಒಂದಕ್ಕೇ ಇದ್ದರೆ ಚಿತ್ರದ ಮೇಲಿನ ಪಟ್ಟಿ. ಕಾನೂನು ನಿಗದಿ ಮಾಡಿದ ಗುರುತು ಇರುವ ಕಡೆ ಮೊದಲು ಅದು, ಆಮೇಲೆ ಇದು.

ಪ್ರಕಟಿಸುವ ಮೊದಲು ಎರಡು ಕೆಲಸ ಇವೆ, ಎರಡೂ ಫೋಟೋದಲ್ಲಿರುವ ವ್ಯಕ್ತಿಗೆ ಸಂಬಂಧಿಸಿದ್ದು. ಮೊದಲನೆಯದು, ತಿದ್ದುವ ಮುಂಚಿನ ಮುಖ ಫೈಲಿನೊಳಗೆ ಅಡಗಿಲ್ಲ ಎಂದು ನೋಡಿಕೊಳ್ಳಿ. ಸಿ2ಪಿಎ ದಾಖಲೆಯಲ್ಲಿ ಮೂಲ ಚಿತ್ರದ ಸಣ್ಣ ನಕಲು ಸೇರಿರಬಹುದು. ಕೆಲವು ಎಡಿಟರ್‌ಗಳು ಮೆಟಾಡೇಟಾದ ಎಕ್ಸಿಫ್ ಎಂಬ ಭಾಗದಲ್ಲಿರುವ ಥಂಬ್‌ನೇಲ್ ಬದಲಿಸದೆ ಹಳೆಯದನ್ನೇ ಬಿಡುತ್ತವೆ. ಈ ಕಮಾಂಡ್‌ನಿಂದ ಎಕ್ಸಿಫ್ ಥಂಬ್‌ನೇಲ್ ಹೊರತೆಗೆದು ಕಣ್ಣಾರೆ ನೋಡಿ:

```
exiftool -b -ThumbnailImage photo.jpg > thumb.jpg
```

ಎರಡನೆಯದು, ಲೇಬಲ್‌ನ ವಾಕ್ಯವನ್ನು ಅವರಿಗೆ ಓದಿ ಹೇಳಿ. ಅವರ ಸೊಂಟದ ಬಗ್ಗೆ, ಅವರ ಚರ್ಮದ ಬಗ್ಗೆ ಊರಿಗೆಲ್ಲ ಹೇಳುವ ಮಾತು ಅದು. "ಇದನ್ನು ಹಾಕುವುದು ಬೇಡ" ಎಂದು ಅವರು ಹೇಳಿದರೆ ವಾಕ್ಯ ತೆಗೆಯಬೇಡಿ. ಮೂಲ ಫೈಲ್ ತೆರೆದು, ಆ ಎರಡು ತಿದ್ದುಪಡಿ ಬಿಟ್ಟು ಇನ್ನೊಂದು ಪ್ರತಿ ಮಾಡಿ ಅವರಿಗೆ ತೋರಿಸಿ.